ಮಾಡಿನ ಇಳಿಜಾರು: ಯಾವ 30?

ಹಂಚಿನ ಮನೆಯೊಂದರ ಎಸ್ಟಿಮೇಟ್ ಹಾಳೆಯಲ್ಲಿ ಮೊನ್ನೆ ಮತ್ತೆ ಅದೇ ಸಾಲು ಕಂಡಿತು: 'ಸ್ಲೋಪ್ 30'. ಮುಂದೆ ಏನೂ ಇಲ್ಲ. ಡಿಗ್ರಿ ಗುರುತೂ ಇಲ್ಲ, ಪರ್ಸೆಂಟ್ ಗುರುತೂ ಇಲ್ಲ. ಇದು 30 ಡಿಗ್ರಿಯೋ 30 ಪರ್ಸೆಂಟೋ ಎಂದು ಕೇಳಿದರೆ "ಎರಡೂ ಒಂದ ಅಲ್ಲೇನ್ರಿ ಸರ" ಅಂತ ಉತ್ತರ ಬಂತು. ಹುಬ್ಬಳ್ಳಿ-ಧಾರವಾಡದ ಸೈಟುಗಳಲ್ಲಿ ಈ ಮಾತು ಎಷ್ಟು ಸಲ ಕೇಳುತ್ತೇವೆ ಅಂದರೆ, ಒಮ್ಮೆ ಕೂತು ಬಿಡಿಸಿ ಬರೆಯುವುದೇ ಒಳ್ಳೆಯದು. ಎರಡೂ ಒಂದಲ್ಲ. 20 ಫೂಟು ಅಗಲದ ಮನೆಗೆ ಈ ಎರಡು 30ಗಳ ನಡುವೆ ಮಾಡಿನ ನೆತ್ತಿ 2 ಫೂಟು 9 ಇಂಚು ಮೇಲೆ ಕೆಳಗೆ ಆಗುತ್ತದೆ.

ಇಳಿಜಾರು ಎಂಬುದು ಮೂಲತಃ ಒಂದು ಭಾಗಾಕಾರ. ಮಟ್ಟವಾಗಿ ಅಡ್ಡಕ್ಕೆ ಇಷ್ಟು ಹೋದರೆ ಮೇಲಕ್ಕೆ ಎಷ್ಟು ಏರಿತು ಎಂಬ ಲೆಕ್ಕ. ಏರನ್ನು ಅಡ್ಡಳತೆಯಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಆ ಸಂಖ್ಯೆಯನ್ನು 100ರಿಂದ ಗುಣಿಸಿದರೆ ಪರ್ಸೆಂಟ್. ಅಡ್ಡಕ್ಕೆ 10 ಫೂಟು, ಮೇಲಕ್ಕೆ 3 ಫೂಟು ಆದರೆ 30 ಪರ್ಸೆಂಟ್. ಡಿಗ್ರಿ ಬೇರೆಯೇ. ಅದು ರಾಫ್ಟರಿಗೂ ಮಟ್ಟದ ಗೆರೆಗೂ ನಡುವೆ ಇರುವ ಕೋನ. ಎರಡಕ್ಕೂ ಸಂಬಂಧ ಇದೆ, ಆದರೆ ಆ ಸಂಬಂಧ ನೇರ ಅಲ್ಲ. ಕೋನ ಎರಡು ಪಟ್ಟಾದರೆ ಏರು ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಜಾಸ್ತಿಯೇ ಆಗುತ್ತದೆ.

ಇನ್ನು ಕೆಲವರು 100 ಪರ್ಸೆಂಟ್ ಅಂದರೆ 90 ಡಿಗ್ರಿ ಎಂದು ತಿಳಿದು, 90ರಲ್ಲಿ 30 ಪರ್ಸೆಂಟ್ ತೆಗೆದು 27 ಡಿಗ್ರಿ ಎಂದು ಬರೆಯುತ್ತಾರೆ. ಇದೂ ತಪ್ಪು. 100 ಪರ್ಸೆಂಟ್ ಅಂದರೆ ಅಡ್ಡಕ್ಕೆ ಹೋದಷ್ಟೇ ಮೇಲಕ್ಕೆ ಏರಿದೆ ಎಂದರ್ಥ. ಅದು 45 ಡಿಗ್ರಿ. ಅಲ್ಲಿಂದ ಮುಂದೆ ಪರ್ಸೆಂಟ್ ನೂರನ್ನೂ ದಾಟುತ್ತದೆ. 60 ಡಿಗ್ರಿ ಮಾಡಿಗೆ 173 ಪರ್ಸೆಂಟ್. 90 ಡಿಗ್ರಿ ಅಂದರೆ ನೆಟ್ಟಗಿನ ಗೋಡೆ, ಅದಕ್ಕೆ ಪರ್ಸೆಂಟೇ ಇಲ್ಲ, ಏಕೆಂದರೆ ಅಡ್ಡಳತೆ ಸೊನ್ನೆ.

ಆ ಎಸ್ಟಿಮೇಟಿನ ಮನೆಯನ್ನೇ ತೆಗೆದುಕೊಳ್ಳೋಣ. ಧಾರವಾಡದಿಂದ ಅಳ್ನಾವರದ ಕಡೆ ಹೋಗುವ ದಾರಿಯ ಊರು. ಗೋಡೆಯ ಹೊರ ಅಂಚಿನಿಂದ ಹೊರ ಅಂಚಿಗೆ ಅಗಲ 20 ಫೂಟು, ಎರಡು ಕಡೆ ಇಳಿಯುವ ಮಾಡು, ಮಂಗಳೂರು ಹಂಚು. ನೆತ್ತಿ ನಟ್ಟನಡುವೆ ಇರುವುದರಿಂದ ಒಂದು ಕಡೆಯ ಅಡ್ಡಳತೆ 10 ಫೂಟು. 30 ಪರ್ಸೆಂಟ್ ಹಿಡಿದರೆ ಏರು 3 ಫೂಟು, ಕೋನ 16.7 ಡಿಗ್ರಿ. 30 ಡಿಗ್ರಿ ಹಿಡಿದರೆ ಏರು 5 ಫೂಟು 9 ಇಂಚು ದಾಟುತ್ತದೆ, ಪರ್ಸೆಂಟಿನಲ್ಲಿ ಅದು 57.7. ಬಡಿಗೇರರು ಪರ್ಸೆಂಟ್ ಎಂದುಕೊಂಡು ರಾಫ್ಟರ್ ಕೊಯ್ದರೆ ಮಾಡು ಬೇಕಾದದ್ದಕ್ಕಿಂತ ಬಹಳ ಚಪ್ಪಟೆ ಆಗಿಬಿಡುತ್ತದೆ.

ಚಪ್ಪಟೆಯಾದರೆ ಏನಾಗುತ್ತದೆ? ಹಂಚು ಒಂದರ ಮೇಲೊಂದು ಸ್ವಲ್ಪವೇ ಹೊದ್ದುಕೊಂಡಿರುತ್ತದೆ. ಕಡಿದಾದ ಮಾಡಿನಲ್ಲಿ ನೀರು ಆ ಸಂದನ್ನು ದಾಟಿ ಜೋರಾಗಿ ಕೆಳಗೆ ಓಡುತ್ತದೆ. ಚಪ್ಪಟೆ ಮಾಡಿನಲ್ಲಿ ನಿಧಾನವಾಗುತ್ತದೆ, ಪಡುವಣ ಗಾಳಿ ಬೀಸಿದರೆ ಅದೇ ನೀರು ಹಂಚಿನ ಕೆಳಗೆ ಹಿಂದಕ್ಕೆ ನುಗ್ಗುತ್ತದೆ. ಹಂಚು ಒಡೆದಿರುವುದಿಲ್ಲ, ರೀಪು ಸರಿಯಾಗಿಯೇ ಇರುತ್ತದೆ, ಆದರೂ ಸೋರುತ್ತದೆ. ಸುಮ್ನೆ ಬೀಳುವ ಮಳೆಗೆ ಸೋರದೆ, ಗಾಳಿ ಇರುವ ದಿನ ಮಾತ್ರ, ಗಾಳಿ ಬಡಿಯುವ ಮಗ್ಗುಲಲ್ಲೇ ಸೋರಿದರೆ ಮೊದಲು ಇಳಿಜಾರಿನ ಮೇಲೆ ಅನುಮಾನ ಪಡಬೇಕು. ಹಂಚು ಬದಲಾಯಿಸಿದರೆ ಅದು ನಿಲ್ಲುವುದಿಲ್ಲ. ಗದಗಿನ ಕಡೆ ಮಣ್ಣಿನ ಮಾಳಿಗೆಯೇ ನಡೆದುಬಂದಿದೆ, ಅಲ್ಲಿ ಮಳೆ ಕಡಿಮೆ. ಅಳ್ನಾವರ, ಕಲಘಟಗಿ, ಹಾನಗಲ್ಲಿನ ಕಡೆ ಆ ಸಲಿಗೆ ಇಲ್ಲ. ಮಂಗಳೂರು ಹಂಚಿಗೆ ಅಡ್ಡಕ್ಕೆ 2 ಫೂಟು ಹೋದರೆ 1 ಫೂಟು ಏರು ಇಟ್ಟುಕೊಳ್ಳುವುದು ವಾಡಿಕೆ. ಅಂದರೆ 50 ಪರ್ಸೆಂಟ್, ಸುಮಾರು 26 ಡಿಗ್ರಿ 34 ನಿಮಿಷ.

ಈ ಇಳಿಜಾರಿಗೆ ರಾಫ್ಟರ್ ಉದ್ದ ತೆಗೆಯೋಣ. ಅಡ್ಡಳತೆ 10 ಫೂಟು, ಆದ್ದರಿಂದ ಏರು 5 ಫೂಟು. ಇವೆರಡರ ನಡುವೆ ಲಂಬಕೋನ, ರಾಫ್ಟರ್ ವಿಕರ್ಣ. ಶಾಲೆಯ ಪೈಥಾಗೊರಸ್ ಪ್ರಮೇಯವೇ ಸಾಕು:

```
√(10² + 5²) = √125 = 11.18
```

ಇಲ್ಲಿಯೇ ಇನ್ನೊಂದು ಎಡವಟ್ಟು ನಡೆಯುತ್ತದೆ. 11.18 ಫೂಟು ಅಂದರೆ 11 ಫೂಟು 18 ಇಂಚು ಅಲ್ಲ, 11 ಫೂಟು 1.8 ಇಂಚೂ ಅಲ್ಲ. ಬಿಂದುವಿನ ನಂತರದ ಭಾಗವನ್ನು 12ರಿಂದ ಗುಣಿಸಬೇಕು. 0.18 × 12 ಅಂದರೆ 2.16. ಹಾಗಾಗಿ ಉದ್ದ 11 ಫೂಟು 2 ಇಂಚಿಗೆ ಒಂದು ಕೂದಲೆಳೆ ಜಾಸ್ತಿ. ಫೋನಿನ ಕ್ಯಾಲ್ಕುಲೇಟರ್ ಪರದೆಯಿಂದ ನೇರ ಟೇಪಿಗೆ ಹೋಗುವವರಿಗೆ ಈ ಒಂದು ಗುಣಾಕಾರ ತಪ್ಪಿಹೋಗುತ್ತದೆ. ಇಂಚಿನಲ್ಲೇ ಲೆಕ್ಕ ಮಾಡಿದರೆ ಈ ತೊಂದರೆಯೇ ಬರುವುದಿಲ್ಲ: 120 ಮತ್ತು 60 ಹಾಕಿದರೆ ಉತ್ತರ 134.2 ಇಂಚು ಎಂದೇ ಬರುತ್ತದೆ.

ಇಷ್ಟು ಆದದ್ದು ಗೋಡೆಯ ಹೊರ ಅಂಚಿನಿಂದ ನೆತ್ತಿಯವರೆಗೆ. ಸೂರು ಹೊರಗೆ ಚಾಚಬೇಕಲ್ವಾ? ಗೋಡೆಯಿಂದ 2 ಫೂಟು ಹೊರಗೆ ಬರಲಿ ಎಂದರೆ ಆ 2 ಫೂಟನ್ನು ಹಾಗೇ ರಾಫ್ಟರಿಗೆ ಕೂಡಿಸಬಾರದು. ಅದು ಅಡ್ಡಳತೆ, ರಾಫ್ಟರ್ ಓರೆಯಾಗಿ ಹೋಗುತ್ತದೆ. ಅಡ್ಡಳತೆಯನ್ನೇ 12 ಫೂಟು ಮಾಡಿ, ಏರನ್ನು 6 ಫೂಟು ಮಾಡಿ ಮತ್ತೆ ಲೆಕ್ಕ ಹಾಕಬೇಕು. 13.416 ಬರುತ್ತದೆ, ಅಂದರೆ 13 ಫೂಟು 5 ಇಂಚು. ಸುಮ್ನೆ 2 ಫೂಟು ಕೂಡಿಸಿದ್ದರೆ ಸೂರು ಸುಮಾರು 2½ ಇಂಚು ಗಿಡ್ಡ ಆಗುತ್ತಿತ್ತು. ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. 2 ಫೂಟು ಹೊರಗೆ ಹೋದಾಗ ಸೂರು 1 ಫೂಟು ಕೆಳಗೂ ಇಳಿಯುತ್ತದೆ. ಗೋಡೆ 8 ಫೂಟು ಇದ್ದರೆ ಸೂರಿನ ತುದಿ 7 ಫೂಟಿನಲ್ಲಿ. ಹೊರಗೆ ತೆರೆಯುವ ಕಿಟಕಿ ಬಾಗಿಲು ಆ ಎತ್ತರಕ್ಕೆ ತಾಗುತ್ತದೆಯೇ ಎಂದು ಗೋಡೆ ಕಟ್ಟುವ ಮೊದಲೇ ನೋಡಬೇಕು.

ಮರ ಕೊಳ್ಳುವಾಗ 14 ಫೂಟಿನದ್ದೇ ತೆಗೆದುಕೊಳ್ಳಿ. ರಾಫ್ಟರಿನ ತುದಿಯನ್ನು ನೆಟ್ಟಗೆ, ತೂಗುಗುಂಡಿನ ದಾರಕ್ಕೆ ಸರಿಯಾಗಿ ಕೊಯ್ಯುತ್ತಾರೆ. 4 ಇಂಚು ದಪ್ಪದ ಮರದಲ್ಲಿ ಆ ಓರೆ ಕೊಯ್ತಕ್ಕೆ ಒಂದು ತುದಿಗೆ 2 ಇಂಚು ಹೋಗುತ್ತದೆ. ನೆತ್ತಿಯಲ್ಲಿ ಉದ್ದಕ್ಕೆ ಹಲಗೆ ಇದ್ದರೆ ಅದರ ಅರ್ಧ ದಪ್ಪವನ್ನು ಪ್ರತಿ ಕಡೆಯ ಅಡ್ಡಳತೆಯಿಂದ ಕಳೆಯಬೇಕು, ಏಕೆಂದರೆ ರಾಫ್ಟರ್ ಹಲಗೆಯ ಮೈಗೆ ನಿಲ್ಲುತ್ತದೆ, ನಟ್ಟನಡುವಿಗೆ ಅಲ್ಲ.

ಕೋನ ಬೇಕೆಂದರೆ ಪೈಥಾಗೊರಸ್ ಸಾಲದು, ಟ್ಯಾನ್ ಬೇಕು. ಏರನ್ನು ಅಡ್ಡಳತೆಯಿಂದ ಭಾಗಿಸಿ `tan⁻¹(0.5)` ಒತ್ತಿದರೆ 26.565 ಬರಬೇಕು. 0.4636 ಬಂದರೆ ಕ್ಯಾಲ್ಕುಲೇಟರ್ `RAD` ನಲ್ಲಿದೆ, `DEG` ಗೆ ತಿರುಗಿಸಿ. ಏರನ್ನು ರಾಫ್ಟರಿನ ಉದ್ದದಿಂದ ಭಾಗಿಸಿ ಟ್ಯಾನ್ ಒತ್ತುವವರೂ ಇದ್ದಾರೆ. 5 ಭಾಗಿಸು 11.18 ಅಂದರೆ 0.447, ಅದಕ್ಕೆ ಸೈನ್ ಬಳಸಬೇಕು. ಟ್ಯಾನ್ ಬಳಸಿದರೆ 24 ಡಿಗ್ರಿ ಎಂದು ತೋರಿಸುತ್ತದೆ. ನೋಡಲು ಸರಿಯಾದ ಉತ್ತರದ ಹಾಗೇ ಇರುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಕಟ್ಟಿ ಮುಗಿದ ಮಾಡಿನ ಇಳಿಜಾರು ತಿಳಿಯಲು ಕೋನವೇ ಬೇಡ. 2 ಫೂಟಿನ ರಸಮಟ್ಟದ ಒಂದು ತುದಿಯನ್ನು ರಾಫ್ಟರಿನ ಮೇಲಂಚಿಗೆ ಇಟ್ಟು, ಇನ್ನೊಂದು ತುದಿಯನ್ನು ಇಳಿಯುವ ಕಡೆಗೆ ಚಾಚಿ ಗುಳ್ಳೆ ನಡುವೆ ಬರುವಂತೆ ಹಿಡಿಯಿರಿ. ಆ ಚಾಚಿದ ತುದಿಯಿಂದ ಕೆಳಗೆ ನೆಟ್ಟಗೆ ರಾಫ್ಟರಿನವರೆಗೆ ಅಳೆಯಿರಿ. 12 ಇಂಚು ಬಂದರೆ ಎರಡಕ್ಕೆ ಒಂದು. 7 ಇಂಚು ಚಿಲ್ಲರೆ ಬಂದರೆ ಯಾರೋ 30 ಪರ್ಸೆಂಟ್ ಕೊಟ್ಟಿದ್ದಾರೆ. ಟೇಪನ್ನು ರಾಫ್ಟರಿಗೆ ಲಂಬವಾಗಿ ಹಿಡಿದರೆ ಕಡಿಮೆ ತೋರಿಸುತ್ತದೆ, ನೆಲಕ್ಕೆ ನೆಟ್ಟಗೆ ಹಿಡಿಯಬೇಕು.

ಹಳೆಯ ಪುಸ್ತಕಗಳಲ್ಲಿ 'ಪಿಚ್' ಎಂಬ ಮಾತು ಬಂದರೆ ಜೋಪಾನ. ಅಲ್ಲಿ ಏರನ್ನು ಅರ್ಧ ಅಗಲದಿಂದ ಅಲ್ಲ, ಪೂರ್ತಿ ಅಗಲದಿಂದ ಭಾಗಿಸುತ್ತಾರೆ. ನಮ್ಮ ಮನೆಯ ಮಾಡು ಆ ಲೆಕ್ಕದಲ್ಲಿ ಕಾಲು ಪಿಚ್, 5 ಭಾಗಿಸು 20. ಮಾಡು ಅದೇ, ಸಂಖ್ಯೆ ಅರ್ಧ. ಕಾಲು ಪಿಚ್ ಎಂದಿದ್ದನ್ನು 25 ಪರ್ಸೆಂಟ್ ಎಂದು ಓದಿದರೆ ಮತ್ತೆ ಚಪ್ಪಟೆ ಮಾಡು.

ಇದೆಲ್ಲ ನೆತ್ತಿಯಿಂದ ಸೂರಿಗೆ ನೇರ ಇಳಿಯುವ ರಾಫ್ಟರಿಗೆ. ನಾಲ್ಕೂ ಕಡೆ ಇಳಿಯುವ ಮಾಡಾದರೆ ಮೂಲೆಯ ರಾಫ್ಟರಿಗೆ ಈ ಅಳತೆ ನಡೆಯುವುದಿಲ್ಲ. ನಾಲ್ಕೂ ಕಡೆ ಇಳಿಜಾರು ಒಂದೇ ಇದ್ದರೆ ಅದು ಮೇಲಿನಿಂದ ನೋಡಿದಾಗ ಚೌಕದ ಓರೆ ಗೆರೆಯಲ್ಲಿ ಹೋಗುತ್ತದೆ. ಸೂರು ಸೇರಿಸಿ ಅಡ್ಡಳತೆ 12 ಫೂಟು ಅಲ್ಲ, 12ರ ವರ್ಗ ಮತ್ತು 12ರ ವರ್ಗ ಕೂಡಿಸಿದರೆ ಬರುವ 288ರ ಮೂಲ, ಸುಮಾರು 17 ಫೂಟು. ಏರು ಮಾತ್ರ ಅದೇ 6 ಫೂಟು. ಹಾಗಾಗಿ 288ಕ್ಕೆ 36 ಕೂಡಿಸಿದರೆ 324, ಅದರ ಮೂಲ ಸರಿಯಾಗಿ 18. ಪಕ್ಕದ ರಾಫ್ಟರ್ 13 ಫೂಟು 5 ಇಂಚು, ಮೂಲೆಯದ್ದು 18 ಫೂಟು, ಅದರ ಕೋನ 19 ಡಿಗ್ರಿ ಚಿಲ್ಲರೆ ಮಾತ್ರ. ಒಂದೇ ಮಾಡಿನಲ್ಲಿ ಎರಡು ಇಳಿಜಾರು ಇರುವುದರಿಂದ ಬಡಿಗೇರರಿಗೆ ಕೊಡುವ ಚೀಟಿಯಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ: ಅಡ್ಡಳತೆ ಇಷ್ಟು, ಏರು ಇಷ್ಟು, ಉದ್ದ ಇಷ್ಟು.