ಸುಣ್ಣ ಎಷ್ಟು, ಯಾವುದಕ್ಕೆ?

ಸೋಮವಾರಪೇಟೆ ಕಡೆ ಕಾಫಿ ತೋಟ ಇರುವ ನಮ್ಮ ಭಾವ ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳಿದ್ದರು. ಅರೇಬಿಕಾಗೆ ಬಿದ್ದ ಕಾಂಡಕೊರಕ ಹುಳು, ಮೆಣಸಿನ ಬಳ್ಳಿಯ ಸೊರಗು ರೋಗ, ರೊಬಸ್ಟಾ ಹೂವಿಗೆ ನೀರು. ನಾನು ಮೂರು ಪುಟ ಬರೆದು ಕಳಿಸಿದೆ. ತಿಂಗಳಾದ ಮೇಲೆ ಫೋನ್ ಬಂತು: "ಕಾಂಡಕ್ಕೆ ಸುಣ್ಣ ಹೊಡೆದೆ ಮಾರಾಯ, ಬೆಳ್ಳಗೇ ಆಗ್ಲಿಲ್ಲ!"

ನೂರು ಲೀಟರ್ ನೀರಿಗೆ ಒಂದು ಕಿಲೋ ಸುಣ್ಣ ಹಾಕಿದ್ದರು. ಅದು ಮೆಣಸಿಗೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಲೆಕ್ಕ. ಕಾಂಡಕ್ಕೆ ಬೇಕಿದ್ದದ್ದು ಹತ್ತು ಕಿಲೋ. ಎರಡೂ ನನ್ನ ಪತ್ರದಲ್ಲಿ ಸರಿಯಾಗೇ ಇದ್ದವು, ಆದರೆ ಬೇರೆ ಬೇರೆ ಪುಟದಲ್ಲಿ.

ತಪ್ಪು ಭಾವನದ್ದಲ್ಲ. ಒಂದೇ ಬಗೆಯ ಎರಡು ಸಂಗತಿಗಳು ನೆನಪಿನಲ್ಲಿ ಒಂದನ್ನೊಂದು ತಳ್ಳಾಡುತ್ತವೆ. ಅದೂ ಅಲ್ಲದೆ ನಾವು ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಡುವುದು ಸುಮಾರು ನಾಲ್ಕು ಸಂಗತಿ ಅಷ್ಟೇ ಎಂದು ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಇನ್ನೊಂದು ಕಾರಣ ಹುಡುಕಾಟ. ಪತ್ರವನ್ನು ಓದುವುದು ಒಮ್ಮೆ, ಆಮೇಲೆ ಅದರಲ್ಲಿ ಹುಡುಕುವುದೇ ಜಾಸ್ತಿ. ಸಾಲು ಸಾಲಾಗಿ ಬರೆದಾಗ ಬೇಕಾದದ್ದು ಸಿಗುವವರೆಗೆ ಮೊದಲಿಂದ ಕಣ್ಣಾಡಿಸಬೇಕು. ಜಾಗದ ಪ್ರಕಾರ ಜೋಡಿಸಿಟ್ಟರೆ, ಒಟ್ಟಿಗೆ ಬೇಕಾದದ್ದು ಒಟ್ಟಿಗೇ ಕಾಣುತ್ತದೆ. ಚಿತ್ರಗಳ ಬಗ್ಗೆ ಇದನ್ನು 1987ರಲ್ಲಿ ಜಿಲ್ ಲಾರ್ಕಿನ್ ಮತ್ತು ಹರ್ಬರ್ಟ್ ಸೈಮನ್ ವಿವರಿಸಿದ್ದರು. ಕೋಷ್ಟಕಕ್ಕೂ ಅದೇ ಮಾತು ಹೊಂದುತ್ತದೆ.

ಹಾಗಾಗಿ ಪತ್ರದ ಕೊನೆಗೆ ಇಷ್ಟು ಸೇರಿಸಿ ಮತ್ತೆ ಕಳಿಸಿದೆ:

| ಯಾವುದಕ್ಕೆ | ಏನು | ಎಷ್ಟು | ಯಾವಾಗ |
|---|---|---|---|
| ಕಾಂಡಕೊರಕ | ಕಾಂಡಕ್ಕೆ ಸುಣ್ಣ | 100 ಲೀಟರ್‌ಗೆ 10 ಕಿಲೋ | ಏಪ್ರಿಲ್, ಅಕ್ಟೋಬರ್ |
| ಸೊರಗು ರೋಗ | ಬೋರ್ಡೋ | 100 ಲೀಟರ್‌ಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ | ಮಳೆಗೆ ಮುಂಚೆ, ಆಮೇಲೆ ಆಗಸ್ಟ್ |
| ರೊಬಸ್ಟಾ ಹೂ | ಸ್ಪ್ರಿಂಕ್ಲರ್ | 1ರಿಂದ 1.5 ಇಂಚು | ಫೆಬ್ರುವರಿ–ಮಾರ್ಚ್ |

ಸಾಲುಗಳು ಭಾವ ಕೇಳಿದ ಕ್ರಮದಲ್ಲೇ ಇವೆ, ಅವರು ಹುಡುಕುವುದೂ ಹಾಗೇ. ವಿಷಯ ಬೇರೆ ಬೇರೆ ಆದ್ದರಿಂದ ಕಿಲೋ, ಇಂಚು ಎಂಬುದನ್ನು ಮೇಲಿನ ತಲೆಬರಹದಲ್ಲಿ ಬರೆಯಲಾಗದು, ಪ್ರತಿ ಮನೆಯೊಳಗೇ ಬರೆಯಬೇಕು. ಹತ್ತು ಮತ್ತು ಒಂದು ಈಗ ಮೇಲೆ ಕೆಳಗೆ ಕೂತಿವೆ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕೋಷ್ಟಕವನ್ನು ಸುಸ್ತಾದ ಮೇಲೆ, ನೆನಪಿನಿಂದ ಬರೆಯುತ್ತೇವೆ. ಅಲ್ಲೇ ಅಂಕಿ ತಪ್ಪುವುದು. ಒಂದೊಂದನ್ನೂ ಪತ್ರದೊಳಗಿನ ಅಂಕಿಗೆ ತಾಳೆ ನೋಡಿದೆ.

ಆದರೂ ಒಂದು ಬಿಟ್ಟುಹೋಗಿತ್ತು. ಬೋರ್ಡೋ ಸರಿಯಾಗಿದೆಯೇ ಅಂತ ನೋಡಲು ಅದರಲ್ಲಿ ಕಬ್ಬಿಣದ ಚಾಕು ಅದ್ದಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಇಂಥ 'ಹೀಗಾದರೆ ಹಾಗೆ' ಎಂಬ ಮಾತು ಸಣ್ಣ ಮನೆಯಲ್ಲಿ ಹಿಡಿಸುವುದಿಲ್ಲ, ತುರುಕಿದರೆ ಮಿಕ್ಕ ಮನೆಗಳೂ ಓದಲಾಗದಂತಾಗುತ್ತವೆ. ಭಾವ ಆಗಲೇ ಪತ್ರ ಎಲ್ಲೋ ಇಟ್ಟು, ಕೋಷ್ಟಕ ಮಾತ್ರ ಕತ್ತರಿಸಿ ಔಷಧಿ ಕೋಣೆಯ ಬಾಗಿಲಿಗೆ ಅಂಟಿಸಿದ್ದರು. ಹೋದ ಸಲ ಹೋದಾಗ ಪೆನ್ ತೆಗೆದು ಬೋರ್ಡೋ ಪಕ್ಕದಲ್ಲಿ ಬರೆದು ಬಂದೆ: 'ಚಾಕು, ಪುಟ 2'.