ಪಿನ್ ಗೊತ್ತಿಲ್ಲದಿದ್ದರೂ ಕಳ್ಳನನ್ನು ಹೊರಹಾಕಬಹುದು

ವ್ಯಾಪಾರದ ವಾಟ್ಸಾಪ್ ಕೈತಪ್ಪಿತು ಎಂದು ನನಗೆ ಫೋನ್ ಮಾಡುವವರು ಹೆಚ್ಚಾಗಿ ಒಂದೇ ಪರದೆಯ ಮುಂದೆ ನಿಂತಿರುತ್ತಾರೆ. ಆ್ಯಪ್ ಆರಂಕಿಯ ಪಿನ್ ಕೇಳುತ್ತಿರುತ್ತದೆ, ಅವರು ಅಂಥ ಪಿನ್ ಇಟ್ಟೇ ಇರುವುದಿಲ್ಲ. ಖಾತೆ ಹೋಯಿತೆಂದು ಅಲ್ಲಿಗೆ ಕೈಚೆಲ್ಲುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಆರ್ಡರ್ ಮೇಲೆ ಬಟ್ಟೆ ಹೊಲಿದುಕೊಡುವ ಮಹಿಳೆಯೊಬ್ಬರ ಪ್ರಕರಣ ಹೇಳುತ್ತೇನೆ. ಅವರ ಅಂಗಡಿಯ ಫೋನ್ ನೋಡಿಕೊಳ್ಳುತ್ತಿದ್ದ ಹುಡುಗಿಗೆ ಹಳೆಯ ಗ್ರಾಹಕರೊಬ್ಬರ ನಂಬರಿನಿಂದ ಮೆಸೇಜ್ ಬಂತು: 'ನನಗೆ ಬರಬೇಕಾದ ಕೋಡ್ ತಪ್ಪಿ ನಿಮಗೆ ಬಂದಿದೆ, ಸ್ವಲ್ಪ ಕಳಿಸಿ.' ಪರಿಚಯದವರಲ್ಲವೇ ಎಂದು ಆಕೆ ಕಳಿಸಿದಳು. ಆ ಗ್ರಾಹಕರ ಖಾತೆಯೇ ಮೊದಲು ಕಳ್ಳನ ಪಾಲಾಗಿತ್ತು. ಬಂದ ಆರಂಕಿ ಅಂಗಡಿಯ ನಂಬರನ್ನು ಬೇರೆ ಫೋನಿನಲ್ಲಿ ನೋಂದಾಯಿಸುವ ಕೋಡ್. ಕೆಲವೇ ನಿಮಿಷಗಳಲ್ಲಿ ಅಂಗಡಿಯ ಫೋನಿನಿಂದ ಖಾತೆ ಲಾಗ್ ಔಟ್ ಆಯಿತು. ಕಳ್ಳ ಒಳಹೊಕ್ಕವನೇ ಎರಡು ಹಂತದ ಪರಿಶೀಲನೆಯನ್ನು ತಾನೇ ಆನ್ ಮಾಡಿ ತನ್ನದೊಂದು ಪಿನ್ ಇಟ್ಟುಬಿಟ್ಟ. ನಾವು ಹಾಕಿಕೊಳ್ಳಬೇಕಿದ್ದ ಬೀಗವನ್ನು ಅವನು ಹಾಕಿದ್ದ.

'ಸರ್, ನಾಲ್ಕೈದು ಸಲ ಏನೇನೋ ಹಾಕಿ ನೋಡಿದೆ, ಈಗ ಕಾಯಿರಿ ಅಂತಿದೆ' ಎಂದರು ಅವರು. ಊಹೆಯ ಪಿನ್ ಹಾಕುವುದನ್ನು ಮೊದಲು ನಿಲ್ಲಿಸಬೇಕು. ತಪ್ಪು ಹೆಚ್ಚಿದಷ್ಟೂ ಕಾಯುವ ಅವಧಿಯೂ ಹೆಚ್ಚುತ್ತದೆ. ಎಸ್ಸೆಮ್ಮೆಸ್ ಕೋಡನ್ನು ಮತ್ತೆ ಮತ್ತೆ ತರಿಸಿಕೊಂಡರೂ ಹೀಗೆಯೇ.

ಮುಖ್ಯವಾದದ್ದು ಬೇರೆ ಇದೆ. ಸಿಮ್ ನಿಮ್ಮ ಕೈಯಲ್ಲಿದ್ದು, ಎಸ್ಸೆಮ್ಮೆಸ್‌ನಲ್ಲಿ ಬಂದ ಹೊಸ ಕೋಡನ್ನು ನಿಮ್ಮ ಫೋನಿನಲ್ಲಿ ಹಾಕಿದ ಕ್ಷಣವೇ ಕಳ್ಳನ ಫೋನಿನಲ್ಲಿ ಖಾತೆ ಲಾಗ್ ಔಟ್ ಆಗುತ್ತದೆ. ಅದಕ್ಕೆ ಪಿನ್ ಗೊತ್ತಿರಬೇಕಿಲ್ಲ. ಪಿನ್ ಕೇಳುವ ಪರದೆ ಕಂಡಿತೆಂದರೆ ಅವನು ಹೊರಗೆ ಬಿದ್ದ ಎಂದೇ ಅರ್ಥ. ನೀವೂ ಹೊರಗೇ ಇರುತ್ತೀರಿ, ನಿಜ. ಪಿನ್ ಇಲ್ಲದೆ ಒಳಗೆ ಹೋಗಲು 7 ದಿನ ಕಾಯಬೇಕು. ಆದರೆ ನಿಮ್ಮ ಹೆಸರಿನಲ್ಲಿ ಹಣ ಕೇಳುವುದು ಅಲ್ಲಿಗೆ ನಿಲ್ಲುತ್ತದೆ. ಹಾಗಾಗಿ ಯಾರೇ ಕೇಳಿದರೂ ನನ್ನ ಮೊದಲ ಮಾತು ಒಂದೇ: ಬೇರೆಲ್ಲ ಬಿಡಿ, ಆ್ಯಪ್ ತೆರೆದು ನಿಮ್ಮ ನಂಬರ್ ನೋಂದಾಯಿಸಿ.

ಆ ಏಳು ದಿನ ಸುಮ್ಮನಿರಬಾರದು. ಅವರು ಬಿಲ್ ಪುಸ್ತಕ ತೆಗೆದು, ಹಣ ಬಾಕಿ ಇದ್ದ ಗ್ರಾಹಕರಿಗೆ ಮೊದಲು ಫೋನ್ ಮಾಡಿದರು. 'ಈ ಖಾತೆಗೆ ಹಾಕಿ' ಎಂಬ ಮೆಸೇಜನ್ನು ನಂಬುವ ಸಾಧ್ಯತೆ ಅವರಿಗೇ ಹೆಚ್ಚು. ಅಂಗಡಿಯ ನಂಬರ್ ಇದ್ದ ಗುಂಪುಗಳ ಅಡ್ಮಿನ್‌ಗಳಿಗೂ ತಿಳಿಸಿದರು. ನಡುವೆ ಒಬ್ಬ, ಹಣ ಕೊಟ್ಟರೆ ಇವತ್ತೇ ಖಾತೆ ಬಿಡಿಸಿಕೊಡುತ್ತೇನೆಂದು ಬಂದಿದ್ದನಂತೆ. ಆ ಕಾಯುವಿಕೆಯನ್ನು ಹೊರಗಿನ ಯಾರೂ ಕಡಿಮೆ ಮಾಡಲಾರರು. ಅಂಥವರು ಮುಂದೆ ಕೇಳುವುದು ಮತ್ತೊಂದು ಕೋಡನ್ನೇ.

ಎಂಟನೇ ದಿನ ಹಳೆಯ ಪಿನ್ ತೆಗೆದು ಖಾತೆ ತೆರೆದೆವು. ಬೇರೇನೂ ಮಾಡುವ ಮೊದಲು ಸೆಟ್ಟಿಂಗ್ಸ್, ಅಕೌಂಟ್, ಟೂ-ಸ್ಟೆಪ್ ವೆರಿಫಿಕೇಶನ್ ಎಂಬಲ್ಲಿಗೆ ಹೋಗಿ ಹೊಸ ಪಿನ್ ಇಟ್ಟೆವು. 'ಬೆರಳಚ್ಚಿನ ಲಾಕ್ ಮೊದಲೇ ಇತ್ತಲ್ಲ' ಎಂದು ಅವರು ಕೇಳಿದ್ದು ಸಹಜವೇ. ಆ ಲಾಕ್ ನಿಮ್ಮ ಫೋನನ್ನು ಕೈಗೆತ್ತಿಕೊಂಡವನನ್ನು ತಡೆಯುತ್ತದೆ. ದೂರದಲ್ಲಿ ಕೂತು ನಿಮ್ಮ ನಂಬರನ್ನು ತನ್ನ ಫೋನಿನಲ್ಲಿ ನೋಂದಾಯಿಸುವವನನ್ನು ತಡೆಯುವುದು ಪಿನ್. ಹುಡುಗಿ ಕೋಡ್ ಕೊಟ್ಟ ದಿನ ಪಿನ್ ಇದ್ದಿದ್ದರೆ ಕಳ್ಳ ಬಾಗಿಲಲ್ಲೇ ನಿಲ್ಲುತ್ತಿದ್ದ. ತಪ್ಪೆಲ್ಲ ಆಕೆಯದೇ ಎಂದು ನಾನು ಒಪ್ಪದಿರುವುದು ಇದಕ್ಕೇ.

ಪಿನ್ ಇಡುವಾಗ ಆ್ಯಪ್ ಇಮೇಲ್ ವಿಳಾಸವನ್ನೂ ಕೇಳುತ್ತದೆ. ಹಲವರು ಅದನ್ನು ದಾಟಿ ಮುಂದೆ ಹೋಗುತ್ತಾರೆ. ಪಿನ್ ಮರೆತರೆ ಏಳು ದಿನ ಕಾಯದೆ ಬದಲಿಸಿಕೊಳ್ಳಲು ಆ ಇಮೇಲೇ ದಾರಿ, ಆದ್ದರಿಂದ ಅದು ಮಾಲೀಕರ ಸ್ವಂತದ್ದಾಗಿರಲಿ. ಕೆಲಸದವರ ಇಮೇಲ್ ಕೊಟ್ಟು, ಅವರು ಬಿಟ್ಟುಹೋದ ಮೇಲೆ ಪರದಾಡಿದವರನ್ನು ಕಂಡಿದ್ದೇನೆ. ಆ ಇಮೇಲ್‌ಗೂ ಎರಡು ಹಂತದ ಪರಿಶೀಲನೆ ಇರಬೇಕು. ಅದು ಕಳ್ಳನ ಕೈಸೇರಿದರೆ ಪಿನ್ ಇದ್ದೂ ಇಲ್ಲದಂತೆ. ಸಿಮ್ ಕೂಡ ಮಾಲೀಕರ ಹೆಸರಿನಲ್ಲೇ ಇರಲಿ. ಬೇರೆಯವರ ಹೆಸರಿನ ಸಿಮ್ ಕಳೆದರೆ ಅದೇ ನಂಬರನ್ನು ಮತ್ತೆ ಪಡೆಯುವುದು ಕಷ್ಟ, ನಂಬರ್ ಇಲ್ಲದೆ ಮೇಲೆ ಹೇಳಿದ ಯಾವುದೂ ನಡೆಯದು.

ಪಿನ್ ತಡೆಯದ ಇನ್ನೊಂದು ದಾರಿಯಿದೆ. ನಿಮ್ಮ ಫೋನಿನಿಂದ ಕ್ಯುಆರ್ ಸ್ಕ್ಯಾನ್ ಮಾಡಿಸಿಯೋ, ಎಂಟು ಅಕ್ಷರಗಳ ಕೋಡ್ ಹಾಕಿಸಿಯೋ ಕಳ್ಳ ತನ್ನ ಕಂಪ್ಯೂಟರನ್ನು ನಿಮ್ಮ ಖಾತೆಗೆ ಜೋಡಿಸಿಕೊಳ್ಳಬಹುದು. ಆಗ ನಿಮ್ಮ ಫೋನ್ ಲಾಗ್ ಔಟ್ ಆಗುವುದಿಲ್ಲ, ಅವನು ಜೊತೆಗೇ ಕೂತು ಓದುತ್ತಿರುತ್ತಾನೆ. ಲಿಂಕ್ಡ್ ಡಿವೈಸಸ್ ಪಟ್ಟಿ ತೆರೆದರೆ ಅವನ ಸಾಧನ ಅಲ್ಲಿ ಕಾಣುತ್ತದೆ. ಗುರುತಿಲ್ಲದ ಹೆಸರಿದ್ದರೆ ಅದರ ಮೇಲೆ ಒತ್ತಿ ಲಾಗ್ ಔಟ್ ಮಾಡಿ. ಆ ಮಹಿಳೆ ಈಗ ಪ್ರತಿ ಸೋಮವಾರ ಅಂಗಡಿ ತೆರೆದ ಕೂಡಲೇ ಆ ಪಟ್ಟಿ ನೋಡುತ್ತಾರೆ. ಅಂಗಡಿಯ ಲ್ಯಾಪ್‌ಟಾಪ್ ಒಂದೇ ಅದರಲ್ಲಿರಬೇಕು.