ಎಂಬತ್ತು ಅಂಕಗಳ ಹಂಚಿಕೆ: ಹದಿಹರೆಯದವರೊಂದಿಗೆ ನ್ಯಾಯದ ಚರ್ಚೆ

ಹದಿಹರೆಯದವರ ಮುಂದೆ ‘ನ್ಯಾಯ ಎಂದರೇನು’ ಎಂಬ ಪ್ರಶ್ನೆಯನ್ನು ನೇರವಾಗಿ ಇಟ್ಟರೆ, ‘ಎಲ್ಲರನ್ನೂ ಸಮಾನವಾಗಿ ಕಾಣುವುದು’ ಎಂಬ ಬಾಯಿಪಾಠದ ಉತ್ತರ ಬಂದು ಮಾತು ಅಲ್ಲಿಗೇ ನಿಂತುಬಿಡುತ್ತದೆ. ಆದ್ದರಿಂದ ನಾನು ನಡೆಸುವ ಸಂವಾದ ವೃತ್ತಗಳನ್ನು ಅರ್ಧ ಪುಟ ಮೀರದ ಒಂದು ಪ್ರಸಂಗದಿಂದ ಆರಂಭಿಸುತ್ತೇನೆ.

ನಾಲ್ವರ ತಂಡವೊಂದು ಮೂರು ವಾರ ದುಡಿದು ಒಂದು ಮಾದರಿಯನ್ನು ತಯಾರಿಸಿದೆ. ಶಿಕ್ಷಕರು ಅದಕ್ಕೆ ಒಟ್ಟು 80 ಅಂಕ ಕೊಟ್ಟು, ಅದನ್ನು ಹಂಚಿಕೊಳ್ಳುವ ಕೆಲಸವನ್ನು ತಂಡಕ್ಕೇ ಬಿಟ್ಟಿದ್ದಾರೆ. ಒಬ್ಬಳು ಅರ್ಧದಷ್ಟು ಕೆಲಸವನ್ನು ತಾನೇ ಮಾಡಿದ್ದಾಳೆ, ಆದರೆ ಅದು ಅವಳಿಗೆ ಸಲೀಸು. ಎರಡನೆಯವನು ದಿನವೂ ಕಷ್ಟಪಟ್ಟಿದ್ದಾನೆ, ಆದರೂ ಅವನ ಭಾಗವನ್ನು ಬೇರೆಯವರು ಮತ್ತೆ ಮಾಡಬೇಕಾಯಿತು. ಮೂರನೆಯವಳು ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳುತ್ತಿದ್ದುದರಿಂದ ಎರಡೇ ದಿನ ಬಂದಿದ್ದಾಳೆ. ನಾಲ್ಕನೆಯವನು ಒಂದು ದಿನವೂ ತಪ್ಪಿಸದೆ ಬಂದು ಹರಟೆ ಹೊಡೆದಿದ್ದಾನೆ. ಫಲ, ಪ್ರಯತ್ನ, ಪರಿಸ್ಥಿತಿ, ಬರಿಯ ಹಾಜರಿ ಎಂಬ ನಾಲ್ಕು ಎಳೆಗಳು ನಾಲ್ವರಲ್ಲಿ ಬೇರೆಬೇರೆಯಾಗಿ ಕಾಣುವಂತೆ ಪ್ರಸಂಗವನ್ನು ಹೆಣೆಯಬೇಕು. ಇವೆಲ್ಲ ಒಬ್ಬರಲ್ಲೇ ಸೇರಿಹೋದರೆ ಚರ್ಚಿಸಲು ಏನೂ ಉಳಿಯುವುದಿಲ್ಲ.

ಹನ್ನೆರಡು ಮಂದಿಗೆ ಒಂದು ಗಂಟೆ ಸಾಕು. ಓದಿದ ಮೇಲೆ ಮೂರು ನಿಮಿಷ ಮಾತಿಲ್ಲದೆ, ಪ್ರತಿಯೊಬ್ಬರೂ ತಮ್ಮನ್ನು ಕಾಡಿದ ಒಂದು ಪ್ರಶ್ನೆಯನ್ನು ಬರೆಯುತ್ತಾರೆ. ‘ಯಾರಿಗೆ ಎಷ್ಟು ಕೊಡಬೇಕು’ ಎಂಬ ಪ್ರಶ್ನೆ ಲೆಕ್ಕಕ್ಕೆ ಹೋಗುತ್ತದೆ. ‘ಸಲೀಸಾಗಿ ಮಾಡಿದ ಕೆಲಸಕ್ಕೂ ಕಷ್ಟಪಟ್ಟು ಮಾಡಿದ ಕೆಲಸಕ್ಕೂ ಒಂದೇ ಬೆಲೆಯೇ’ ಎಂಬುದು ವಿಚಾರಕ್ಕೆ ಹೋಗುತ್ತದೆ. ಪ್ರಶ್ನೆಗಳನ್ನೆಲ್ಲ ಹಲಗೆಯ ಮೇಲೆ ಬರೆದು, ಕೈ ಎತ್ತಿಸಿ ಒಂದನ್ನು ಆರಿಸಿದ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತನ್ನು ಅದೊಂದಕ್ಕೇ ಮೀಸಲಿಡುತ್ತೇನೆ.

ಸುಗಮಕಾರರ ಕಸುಬು ಕಾಣುವುದು ಇಲ್ಲಿ. ಒಮ್ಮೆ ಒಬ್ಬ ಹುಡುಗ ‘ಎಲ್ಲರಿಗೂ ಇಪ್ಪತ್ತಿಪ್ಪತ್ತು ಕೊಟ್ಟುಬಿಡಿ, ಜಗಳವೇ ಇರುವುದಿಲ್ಲ’ ಎಂದ. ‘ಜಗಳ ಇಲ್ಲದಿರುವುದೂ ನ್ಯಾಯವಾಗಿರುವುದೂ ಒಂದೇ ಏನಪ್ಪಾ?’ ಎಂದು ಮಾತ್ರ ಕೇಳಿದೆ. ಅವನು ಸುಮ್ಮನಾದ, ನಾನೂ ಸುಮ್ಮನಿದ್ದೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗಿ, ಕಾರಣಗಳೊಡನೆ ಬರುತ್ತವೆಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಇಂಥ ಚರ್ಚೆಯಲ್ಲಿ ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಅಂದು ಎಂಟಕ್ಕೆ ಬರುವಷ್ಟರಲ್ಲಿ ಎದುರಿಗಿದ್ದ ಹುಡುಗಿ, ‘ಹರಟೆ ಹೊಡೆದವನಿಗೆ ಇಪ್ಪತ್ತು ಕೊಟ್ಟರೆ ಮನೆಯಲ್ಲಿ ತಾಯಿಯನ್ನು ನೋಡಿಕೊಂಡವಳಿಗೆ ಅವಮಾನ’ ಎಂದಳು. ಸಮಾನ ಹಂಚಿಕೆಯಿಂದಲೂ ಯಾರಿಗೋ ನೋವಾಗಬಹುದೆಂಬ ಮಾತನ್ನು ನಾನು ಹೇಳಬೇಕಾಗಿ ಬರಲಿಲ್ಲ.

ಆಮೇಲೆ ಪ್ರಸಂಗದ ಒಂದು ವಿವರವನ್ನು, ಒಂದನ್ನಷ್ಟೇ, ಬದಲಿಸಬೇಕು. ‘ಅವಳು ಬಾರದಿದ್ದುದು ತಾಯಿಯ ಕಾಯಿಲೆಯಿಂದಲ್ಲ, ಆಟದ ಪಂದ್ಯಕ್ಕೆ ಹೋಗಿದ್ದರಿಂದ ಎಂದಿಟ್ಟುಕೊಳ್ಳಿ. ಆಗ?’ ಅಂಕ ಇಳಿಸುತ್ತೇವೆ ಎಂದವರನ್ನು, ಕೆಲಸ ಎರಡೂ ಕಡೆ ಅಷ್ಟೇ ಆಗಿರುವಾಗ ಯಾವುದು ಬದಲಾಯಿತು ಎಂದು ಕೇಳಬೇಕು. ತಾವು ಅಳೆಯುತ್ತಿದ್ದುದು ಕೆಲಸವನ್ನಲ್ಲ, ಆಯ್ಕೆಯನ್ನು ಎಂಬುದು ಆಗ ಕೆಲವರಿಗೆ ಹೊಳೆಯುತ್ತದೆ. ಹಾಗಿದ್ದರೆ ಸಲೀಸಾಗಿ ಮಾಡುವ ಜಾಣತನವೂ ಮೊದಲನೆಯವಳು ಆರಿಸಿಕೊಂಡದ್ದಲ್ಲವಲ್ಲ ಎಂದು ಯಾರಾದರೂ ಎತ್ತಿದರೆ ಆ ದಿನ ಚರ್ಚೆ ಫಲಿಸಿತೆಂದೇ ನನ್ನ ಲೆಕ್ಕ. ಎರಡು ವಿವರಗಳನ್ನು ಒಟ್ಟಿಗೆ ಬದಲಿಸಿದರೆ ಅಭಿಪ್ರಾಯ ಯಾವುದರಿಂದ ಬದಲಾಯಿತೆಂದು ತಿಳಿಯದೆ ಚರ್ಚೆ ಗೋಜಲಾಗುತ್ತದೆ.

ಕೆಡುವುದು ಹೆಚ್ಚಾಗಿ ನಮ್ಮಿಂದಲೇ. ಆರಂಭದ ವರ್ಷಗಳಲ್ಲಿ ಒಬ್ಬಳಿಗೆ ‘ಬಹಳ ಚೆನ್ನಾಗಿ ಹೇಳಿದೆ’ ಎಂದಿದ್ದೆ; ಮುಂದಿನ ಐವರು ಅದನ್ನೇ ಬೇರೆ ಮಾತುಗಳಲ್ಲಿ ಹೇಳಿದರು. ಈಗ ಮೆಚ್ಚುವ ಬದಲು ‘ಇದಕ್ಕೂ ಆಗಲೇ ಅವನು ಹೇಳಿದ್ದಕ್ಕೂ ಹೊಂದುತ್ತದೆಯೇ?’ ಎಂದು ಕೇಳುತ್ತೇನೆ. ಚರ್ಚೆ ಹೇಗೆ ಸಾಗಿದೆಯೆಂದು ಅಳೆಯಲು ಒಂದು ಹಾಳೆಯ ಮೇಲೆ ಕುಳಿತವರ ವೃತ್ತವನ್ನು ಬರೆದು, ಒಬ್ಬರ ಮಾತಿನಿಂದ ಮುಂದೆ ಮಾತಾಡಿದವರಿಗೆ ಗೆರೆ ಎಳೆಯುವಂತೆ ಒಬ್ಬ ಸಹೋದ್ಯೋಗಿಗೆ ಹೇಳಿರುತ್ತೇನೆ. ಗೆರೆಗಳೆಲ್ಲ ನನ್ನ ಕುರ್ಚಿಗೇ ಬಂದು ಹೋಗುತ್ತಿದ್ದರೆ ಅದು ಪ್ರಶ್ನೋತ್ತರ. ಅಡ್ಡಾದಿಡ್ಡಿಯಾಗಿ ಬಲೆಯಂತೆ ಹರಡಿದ್ದರೆ ಸಂವಾದ.

ಗುಂಪಿನಲ್ಲೇ ನಡೆದ ತಕರಾರನ್ನು ಪ್ರಸಂಗವಾಗಿ ಬಳಸಲೇಬಾರದು. ಕಟ್ಟಿದ ಕತೆಯಾದರೂ ಯಾರದೋ ಮನೆಯ ಸಂಗತಿಗೆ ತಾಗಬಹುದು. ಅದಕ್ಕಾಗಿ ‘ಈ ಸರದಿ ನನಗೆ ಬೇಡ’ ಎನ್ನುವ ಹಕ್ಕನ್ನು ಮೊದಲೇ ಕೊಟ್ಟಿರುತ್ತೇನೆ. ಕೊನೆಯ ಹತ್ತು ನಿಮಿಷ ಅಂಕ ಹಂಚಿ ಮುಗಿಸುವುದಕ್ಕಲ್ಲ. ಮೊದಲು ಬರೆದ ಚೀಟಿಯನ್ನು ತಿರುಗಿಸಿ, ಈ ಗಂಟೆಯಲ್ಲಿ ತಮ್ಮ ಅಭಿಪ್ರಾಯ ಯಾರ ಮಾತಿನಿಂದ ಕದಲಿತು ಅಥವಾ ಯಾಕೆ ಕದಲಲಿಲ್ಲ ಎಂಬುದನ್ನು ಹಿಂಬದಿಯಲ್ಲಿ ಒಂದೇ ವಾಕ್ಯದಲ್ಲಿ ಬರೆಯುತ್ತಾರೆ. ಚೀಟಿಗಳನ್ನು ನಾನು ಇಟ್ಟುಕೊಳ್ಳುತ್ತೇನೆ; ಮುಂದಿನ ವಾರದ ಪ್ರಸಂಗ ಅವುಗಳಿಂದಲೇ ಹುಟ್ಟುತ್ತದೆ.